ಗ್ರಾಮ ಆಡಳಿತ ಅಧಿಕಾರಿಯ ಮೊದಲ ಮೂವತ್ತು ದಿನ: ಕಲಿಕೆ, ಪರಿಚಯ, ಪರಿಶೀಲನೆ

ರಾಯಚೂರು: ಕಂದಾಯ ಇಲಾಖೆಯಲ್ಲಿ ಜನರಿಗೆ ಮೊದಲು ಎದುರಾಗುವ ನೌಕರ ಗ್ರಾಮ ಆಡಳಿತ ಅಧಿಕಾರಿ. ಕೆಲ ವರ್ಷಗಳ ಹಿಂದಿನವರೆಗೆ ಈ ಹುದ್ದೆಯ ಹೆಸರು ಗ್ರಾಮ ಲೆಕ್ಕಾಧಿಕಾರಿ. ಪಹಣಿ, ಪೌತಿ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೆಳೆ ಪರಿಹಾರ ಈ ಯಾವುದರ ಕಡತವಾದರೂ ಇವರ ವರದಿಯಿಂದಲೇ ಆರಂಭವಾಗುತ್ತದೆ. ಪಿಯುಸಿ ವಿದ್ಯಾರ್ಹತೆಯ ಈ ಹುದ್ದೆಗೆ 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರಾಜ್ಯದಾದ್ಯಂತ ಪರೀಕ್ಷೆ ನಡೆಸಿತು.

ಹಿಂದೆ ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಪಟವಾರಿ, ಕುಲಕರ್ಣಿಗಳ ಕೈಯಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಆ ಪದ್ಧತಿ ಕೊನೆಗೊಂಡಿತು. ಅದರೊಂದಿಗೆ ಊರಿನ ಯಾವ ಹೊಲ ಯಾರದ್ದು, ಯಾರ ಮನೆಯಲ್ಲಿ ಎಷ್ಟು ಮಂದಿ ವಾರಸುದಾರರು ಎಂಬುದನ್ನು ಬಾಲ್ಯದಿಂದಲೇ ಅರಿತವರ ಕಾಲವೂ ಮುಗಿಯಿತು. ಇಂದು ದೇವದುರ್ಗ ಅಥವಾ ಮಾನ್ವಿಯ ಹಳ್ಳಿಗೆ ಬರುವ ಹೊಸ ನೌಕರನಿಗೆ ಅಲ್ಲಿನ ಒಂದು ಹಾದಿಯೂ ಗೊತ್ತಿರುವುದಿಲ್ಲ. ಜಿಲ್ಲಾ ತರಬೇತಿ ಸಂಸ್ಥೆಯ ಪಾಠಗಳು ಕಾನೂನನ್ನು ಕಲಿಸಬಲ್ಲವು, ಆದರೆ ಊರನ್ನು ಕಲಿಸಲಾರವು. ಈ ಕೊರತೆಯನ್ನು ತುಂಬಲು ಮೊದಲ ತಿಂಗಳನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿ, ಪ್ರತಿ ಘಟ್ಟದ ಕೊನೆಗೆ ಮೇಲಧಿಕಾರಿ ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ಫಲಿತವನ್ನು ಕೇಳುವ ಯೋಜನೆಯ ವಿವರ ಇಲ್ಲಿದೆ.

1ರಿಂದ 7ನೇ ದಿನ: ಪ್ರಭಾರ ಮತ್ತು ಪರಿಚಯ

ಮೊದಲ ವಾರದ ಗುರಿ ಎರಡೇ: ಪ್ರಭಾರವನ್ನು ಪಟ್ಟಿಯ ಪ್ರಕಾರ ವಹಿಸಿಕೊಳ್ಳುವುದು ಮತ್ತು ವೃತ್ತದ ಎಲ್ಲ ಗ್ರಾಮಗಳಿಗೆ ಒಮ್ಮೆಯಾದರೂ ಹೋಗುವುದು. ಹಿಂದಿನ ನೌಕರರಿಂದ ಗ್ರಾಮ ನಕ್ಷೆ, ಆಕಾರಬಂದ್ ಪ್ರತಿ, ಸರ್ಕಾರಿ ಜಮೀನುಗಳ ವಿವರ, ಬಾಕಿ ಅರ್ಜಿಗಳ ಪಟ್ಟಿ ಮತ್ತು ನ್ಯಾಯಾಲಯದಲ್ಲಿರುವ ಸರ್ವೆ ನಂಬರುಗಳ ಪಟ್ಟಿಯನ್ನು ಪಡೆಯಬೇಕು. ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ತಡೆಯಾಜ್ಞೆ ಇರುವ ಜಮೀನಿನ ಬಗ್ಗೆ ತಿಳಿಯದೆ ವರದಿ ನೀಡಿದರೆ ಅದರ ಹೊಣೆ ಹೊಸ ನೌಕರನ ಮೇಲೆಯೇ ಬೀಳುತ್ತದೆ.

ಪರಿಚಯದ ಪಟ್ಟಿಯಲ್ಲಿ ಮೊದಲ ಹೆಸರು ಗ್ರಾಮ ಸಹಾಯಕರದ್ದು. ಬದುಗಳನ್ನೂ ಮನೆಗಳನ್ನೂ ಬಲ್ಲವರು ಅವರೇ. ಹೋಬಳಿಯ ಕಂದಾಯ ನಿರೀಕ್ಷಕರು, ನಾಡಕಚೇರಿಯ ಉಪ ತಹಶೀಲ್ದಾರರು, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದ ಸಿಬ್ಬಂದಿ, ಭೂಮಾಪಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ರೈತ ಸಂಪರ್ಕ ಕೇಂದ್ರದ ಸಹಾಯಕ ಕೃಷಿ ಅಧಿಕಾರಿ ನಂತರದವರು. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯ ಭೇಟಿಯನ್ನು ಬಿಡಬಾರದು. ಯಾವ ಮನೆಯಲ್ಲಿ ಸಾವಾಗಿದೆ, ಯಾವ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಈ ಮಾಹಿತಿಯ ಬೆಲೆ ಮೂರನೇ ವಾರದಲ್ಲಿ ಅರಿವಾಗುತ್ತದೆ.

ತಂತ್ರಾಂಶಗಳ ಲಾಗಿನ್ ದೊರೆಯುವುದೂ ಇದೇ ವಾರ. ಕೆಲಸದ ಒತ್ತಡದಲ್ಲಿ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿ ನಮೂದು ಮಾಡಿಸುವ ಅಭ್ಯಾಸ ಮೊದಲ ದಿನವೇ ಬೆಳೆಯಬಾರದು. ಆ ಲಾಗಿನ್‌ನಿಂದ ಹೋದ ಪ್ರತಿ ವರದಿಯೂ ಅಧಿಕಾರಿಯ ಸಹಿಗೆ ಸಮಾನ.

7ನೇ ದಿನದ ಪರಿಶೀಲನೆಯನ್ನು ಕಂದಾಯ ನಿರೀಕ್ಷಕರು ನಡೆಸಬೇಕು. ಸಹಿಯಾದ ಪ್ರಭಾರ ಪಟ್ಟಿ ಮತ್ತು ನೌಕರ ಕೈಯಿಂದ ಬರೆದ ಗ್ರಾಮದ ಸ್ಥೂಲ ನಕ್ಷೆ ಅವರ ಮುಂದಿರಬೇಕು. ಹಳ್ಳ, ಸ್ಮಶಾನ, ಗೋಮಾಳ, ಕಾಲುವೆ, ಊರ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಲು ಸಾಧ್ಯವಾಗದಿದ್ದರೆ ಊರನ್ನು ನಡೆದು ನೋಡಿಲ್ಲವೆಂದೇ ಅರ್ಥ.

8ರಿಂದ 15ನೇ ದಿನ: ಪಹಣಿಯನ್ನು ನೆಲದ ಮೇಲೆ ಓದುವುದು

ಎರಡನೇ ಘಟ್ಟದ ಗುರಿ ನಮೂನೆ 16ರ ಪಹಣಿಯನ್ನು ಓದಲು ಕಲಿಯುವುದು. ಎಲ್ಲ ಕಾಲಂಗಳನ್ನು ಒಮ್ಮೆಲೇ ಹಿಡಿಯುವ ಅಗತ್ಯವಿಲ್ಲ. ವಿಸ್ತೀರ್ಣ ಮತ್ತು ಖರಾಬು ತೋರಿಸುವ 3ನೇ ಕಾಲಂ, ಸ್ವಾಧೀನದಾರರ ಹೆಸರಿರುವ 9, ಬ್ಯಾಂಕ್ ಸಾಲ ಮತ್ತಿತರ ಋಣಗಳಿರುವ 11, ಬೆಳೆಯ ವಿವರವಿರುವ 12ನೇ ಕಾಲಂ ಈ ನಾಲ್ಕನ್ನು ಮೊದಲು ಅರಿತರೆ ಸಾಕು.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಸರ್ವೆ ನಂಬರೊಂದರ ಒಟ್ಟು ವಿಸ್ತೀರ್ಣ 6 ಎಕರೆ 20 ಗುಂಟೆ. ಅದರಲ್ಲಿ ಹಳ್ಳ ಹರಿದುಹೋಗಿರುವುದರಿಂದ 10 ಗುಂಟೆ ‘ಬಿ’ ಖರಾಬು. ಸಾಗುವಳಿಗೆ ಉಳಿಯುವುದು 6 ಎಕರೆ 10 ಗುಂಟೆ. 9ನೇ ಕಾಲಂನಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರಿದ್ದು, ಒಬ್ಬರಿಗೆ 3 ಎಕರೆ 5 ಗುಂಟೆ, ಇನ್ನೊಬ್ಬರಿಗೆ 3 ಎಕರೆ 15 ಗುಂಟೆ ಎಂದಿದೆ. ಕೂಡಿಸಿದರೆ 6 ಎಕರೆ 20 ಗುಂಟೆ. ಅಂದರೆ ಸಾರ್ವಜನಿಕ ಬಳಕೆಯ ಹಳ್ಳವೂ ಖಾಸಗಿ ಹೆಸರಿಗೆ ಹಂಚಿಹೋಗಿದೆ. ಪಹಣಿಯನ್ನು ಮೇಲಿಂದ ನೋಡಿದವರಿಗೆ ಇದು ಕಾಣುವುದಿಲ್ಲ. ಆಕಾರಬಂದ್‌ನೊಂದಿಗೆ ತಾಳೆ ಮಾಡಿ ಕೂಡಿಸಿದವರಿಗೆ ಮಾತ್ರ ಕಾಣುತ್ತದೆ.

ಹೀಗೆ ಕಂಡಾಗ ಹೊಸ ನೌಕರ ತಾನೇ ತಿದ್ದಲು ಹೊರಡಬಾರದು. ತಿದ್ದುಪಡಿಗೆ ತಹಶೀಲ್ದಾರರ ಆದೇಶ ಬೇಕು. ವ್ಯತ್ಯಾಸವನ್ನು ಬರೆದು ಮೇಲಕ್ಕೆ ತಿಳಿಸುವುದಷ್ಟೇ ಆತನ ಕೆಲಸ. ನಿಜಾಮರ ಆಡಳಿತದಲ್ಲಿದ್ದ ಈ ಭಾಗದಲ್ಲಿ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಮೂಲ ಹಕ್ಕಿನ ಪ್ರಶ್ನೆ ಬಂದಾಗ 1954–55ರ ಖಾಸ್ರಾ ಪಹಣಿಯನ್ನು ಹುಡುಕಬೇಕಾಗುತ್ತದೆ. ಆದ್ದರಿಂದ ದಾಖಲೆ ಕೊಠಡಿಯ ಸಿಬ್ಬಂದಿಯ ಪರಿಚಯವೂ ಈ ಘಟ್ಟದಲ್ಲೇ ಆಗಬೇಕು.

15ನೇ ದಿನದ ಪರಿಶೀಲನೆಗೆ ಕಂದಾಯ ನಿರೀಕ್ಷಕರು ತಾವೇ ಹತ್ತು ಸರ್ವೆ ನಂಬರುಗಳನ್ನು ಆರಿಸಿ ಕೊಡಬೇಕು. ನೌಕರ ಆ ಹತ್ತು ಹೊಲಗಳಲ್ಲಿ ನಿಂತು, ಪಹಣಿಗೂ ನೆಲಕ್ಕೂ ಇರುವ ವ್ಯತ್ಯಾಸ ಬರೆದು ತರಬೇಕು. ಹತ್ತರಲ್ಲಿ ಒಂದೂ ವ್ಯತ್ಯಾಸವಿಲ್ಲ ಎಂಬ ವರದಿ ಬಂದರೆ ನಿರೀಕ್ಷಕರು ಎರಡು ಹೊಲಗಳಿಗಾದರೂ ಜೊತೆಗೆ ಹೋಗಿ ನೋಡುವುದು ಒಳಿತು.

16ರಿಂದ 22ನೇ ದಿನ: ಪೌತಿ ಖಾತೆಯ ಪಾಠ

ಮೃತರ ಹೆಸರಿನಲ್ಲಿಯೇ ಉಳಿದ ಪಹಣಿಗಳು ರಾಜ್ಯದಲ್ಲಿ ಬಹಳಷ್ಟಿವೆ. ಅವುಗಳನ್ನು ವಾರಸುದಾರರ ಹೆಸರಿಗೆ ಮಾಡಲು ಸರ್ಕಾರ 2025ರಲ್ಲಿ ಇ–ಪೌತಿ ಆಂದೋಲನ ಆರಂಭಿಸಿತು. ಆದ್ದರಿಂದ ಮೂರನೇ ಘಟ್ಟದಲ್ಲಿ ಒಂದು ಪೌತಿ ಪ್ರಕರಣವನ್ನು ಮೊದಲಿನಿಂದ ಕಡೆಯವರೆಗೆ ಹಿರಿಯರ ಮಾರ್ಗದರ್ಶನದಲ್ಲಿ ಕೈಗೆತ್ತಿಕೊಳ್ಳಬೇಕು. ಮರಣ ದಾಖಲೆ, ವಂಶವೃಕ್ಷ, ಸ್ಥಳ ವಿಚಾರಣೆ, ನೋಟಿಸ್ ಜಾರಿ, ಆಕ್ಷೇಪಣೆಗೆ ಅವಕಾಶ, ಬಳಿಕ ಆದೇಶ ಇದು ಕ್ರಮ.

ಎಡವುವುದು ವಂಶವೃಕ್ಷದಲ್ಲಿ. ಅರ್ಜಿದಾರ ಮಗ ತಾಯಿಯ ಮತ್ತು ತಮ್ಮನ ಹೆಸರು ಕೊಟ್ಟು, ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿಯ ಹೆಸರನ್ನು ಬಿಡುವುದುಂಟು. ‘ಆಕೆಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ನೀಡಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತಂದೆಯ ಸ್ವಯಾರ್ಜಿತ ಜಮೀನಾದರೂ, ಉಯಿಲು ಇಲ್ಲದಿದ್ದಲ್ಲಿ ಮಗಳು ಪ್ರಥಮ ವರ್ಗದ ವಾರಸುದಾರಳೇ.

ಬಿಟ್ಟುಹೋದ ಹೆಸರನ್ನು ಪತ್ತೆ ಮಾಡಲು ಹಳೆಯ ಪಡಿತರ ಚೀಟಿ, ಶಾಲಾ ದಾಖಲಾತಿ ಮತ್ತು ನೆರೆಮನೆಯವರ ಹೇಳಿಕೆ ಮೂರನ್ನೂ ನೋಡಬೇಕು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಪರಿಚಯ ಕೆಲಸಕ್ಕೆ ಬರುವುದು ಇಲ್ಲಿ. ಮಗಳ ಹೆಸರು ಪತ್ತೆಯಾದರೆ ಆಕೆ ಈಗಿರುವ ಊರಿನ ವಿಳಾಸಕ್ಕೂ ನೋಟಿಸ್ ತಲುಪಬೇಕು, ಚಾವಡಿಯ ಗೋಡೆಗೆ ಅಂಟಿಸಿದರಷ್ಟೇ ಸಾಲದು. ಆಕ್ಷೇಪಣೆ ಬಂದರೆ ಅದನ್ನು ವಿವಾದಿತ ಪ್ರಕರಣವೆಂದು ದಾಖಲಿಸಿ ಮೇಲಧಿಕಾರಿಯ ವಿಚಾರಣೆಗೆ ಕಳುಹಿಸಬೇಕು. ರಾಜಿ ಮಾಡಿಸುವುದು ಗ್ರಾಮ ಆಡಳಿತ ಅಧಿಕಾರಿಯ ಕೆಲಸವಲ್ಲ. ಪೌತಿಯಿಂದ ಹೆಸರುಗಳು ಜಂಟಿಯಾಗಿ ಸೇರುತ್ತವೆಯೇ ಹೊರತು ಜಮೀನು ಭಾಗವಾಗುವುದಿಲ್ಲ. ಭಾಗಕ್ಕೆ 11–ಇ ನಕ್ಷೆ ಮತ್ತು ವಿಭಾಗ ಪತ್ರ ಬೇರೆಯೇ ಬೇಕೆಂಬುದನ್ನು ಕುಟುಂಬಕ್ಕೆ ಆರಂಭದಲ್ಲೇ ತಿಳಿಸಿದರೆ ಮುಂದಿನ ಜಗಳ ತಪ್ಪುತ್ತದೆ.

22ನೇ ದಿನ ಉಪ ತಹಶೀಲ್ದಾರರು ಈ ಒಂದು ಕಡತವನ್ನು ಹಾಳೆ ಹಾಳೆಯಾಗಿ ನೋಡಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ‘ವಂಶವೃಕ್ಷದಲ್ಲಿ ಇಷ್ಟೇ ಜನ ಎಂದು ನಿಮಗೆ ಹೇಗೆ ಗೊತ್ತಾಯಿತು?’ ‘ಅರ್ಜಿದಾರರು ಹೇಳಿದರು’ ಎಂಬುದು ಉತ್ತರವಾದರೆ ಸ್ಥಳ ವಿಚಾರಣೆ ಮತ್ತೆ ನಡೆಯಬೇಕು.

23ರಿಂದ 30ನೇ ದಿನ: ಬೆಳೆ ಮತ್ತು ಹಾನಿಯ ಲೆಕ್ಕ

ಕೊನೆಯ ಘಟ್ಟದಲ್ಲಿ ತಾಲ್ಲೂಕಿಗೆ ತಕ್ಕಂತೆ ಗುರಿ ಬದಲಾಗುತ್ತದೆ. ಮಾನ್ವಿ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಅವಲಂಬಿಸಿದೆ. ಮೇಲ್ಭಾಗದಲ್ಲಿ ಭತ್ತ ನಿಂತಿದ್ದರೆ ಅದೇ ಕಾಲುವೆಯ ಕೆಳಭಾಗದಲ್ಲಿ ನೀರು ತಲುಪದೆ ಬೆಳೆ ಒಣಗಿರಬಹುದು. ಅಚ್ಚುಕಟ್ಟು ಪ್ರದೇಶವೆಂಬ ಕಾರಣಕ್ಕೆ ಎಲ್ಲ ಹೊಲಕ್ಕೂ ‘ನೀರಾವರಿ, ಭತ್ತ’ ಎಂದು ಬರೆದರೆ ಹತ್ತಿ, ತೊಗರಿ ಹಾಕಿದ ಕೊನೆ ಭಾಗದ ರೈತನ ದಾಖಲೆ ತಪ್ಪಾಗುತ್ತದೆ. ದೇವದುರ್ಗದಲ್ಲಿ ಕೃಷ್ಣಾ ನದಿ ದಂಡೆಯ ಹಳ್ಳಿಗಳದ್ದು ಬೇರೆ ಚಿಂತೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ತಗ್ಗಿನ ಹೊಲಗಳು ಮುಳುಗುತ್ತವೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಹೂವಿನಹೆಡಗಿ ಸೇತುವೆಯೇ ಮುಳುಗಿತ್ತು. ಅಲ್ಲಿನ ನೌಕರ ಯಾವ ಸರ್ವೆ ನಂಬರಿನವರೆಗೆ ನೀರು ಬರುತ್ತದೆಂಬುದನ್ನು ನದಿ ಶಾಂತವಾಗಿರುವಾಗಲೇ ಗುರುತಿಸಿಕೊಳ್ಳಬೇಕು.

ಎರಡೂ ಕಡೆ ನಿಯಮ ಒಂದೇ. ಶೇ 33ರಷ್ಟು ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಮಾತ್ರ ವಿಪತ್ತು ಪರಿಹಾರ ನಿಧಿಯ ಇನ್‌ಪುಟ್ ಸಬ್ಸಿಡಿ ದೊರೆಯುತ್ತದೆ. ಮಳೆಯಾಶ್ರಿತ, ನೀರಾವರಿ ಮತ್ತು ಬಹುವಾರ್ಷಿಕ ಬೆಳೆಗೆ ದರ ಬೇರೆ ಬೇರೆ. ಜಂಟಿ ಸಮೀಕ್ಷೆಯ ವಿವರ ‘ಪರಿಹಾರ’ ತಂತ್ರಾಂಶಕ್ಕೆ ಹೋಗುತ್ತದೆ. ಬೆಳೆ ಸಮೀಕ್ಷೆಯಲ್ಲಿ ಒಂದು ಬೆಳೆ, ಹಾನಿ ಪಟ್ಟಿಯಲ್ಲಿ ಇನ್ನೊಂದು ಬೆಳೆ ಇದ್ದರೆ ಹಣ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಕಲಿಯುವ ನೌಕರ ಸಹಾಯಕ ಕೃಷಿ ಅಧಿಕಾರಿಯೊಂದಿಗೆ ಇಪ್ಪತ್ತು ಹೊಲಗಳಿಗೆ ಹೋಗಿ, ಬೆಳೆಯ ಚಿತ್ರ ಮತ್ತು ನಮೂದನ್ನು ಹೋಲಿಸುವ ಅಭ್ಯಾಸ ಮಾಡಬೇಕು.

30ನೇ ದಿನ ತಹಶೀಲ್ದಾರರ ಪರಿಶೀಲನೆ. ಹಿಂದಿನ ಮೂರು ಪರಿಶೀಲನೆಗಳ ಟಿಪ್ಪಣಿ, ಬಾಕಿ ಅರ್ಜಿಗಳ ಇಳಿಕೆ ಅಥವಾ ಏರಿಕೆ, ಸಕಾಲ ಗಡುವು ಮೀರಿದ ಪ್ರಮಾಣಪತ್ರಗಳು ಮತ್ತು ಹಿಂತಿರುಗಿಸಿದ ವರದಿಗಳ ಕಾರಣ ಅವರ ಮುಂದಿರಬೇಕು. ಬಾಕಿ ದಿಢೀರನೆ ಶೂನ್ಯಕ್ಕೆ ಇಳಿದಿದ್ದರೆ ಅದನ್ನು ಮೆಚ್ಚುವ ಮೊದಲು ತಿರಸ್ಕರಿಸಿದ ಅರ್ಜಿಗಳ ಸಂಖ್ಯೆಯನ್ನು ನೋಡಬೇಕು.

ಮಿತಿಗಳು

ಈ ಯೋಜನೆಗೆ ದೊಡ್ಡ ಅಡ್ಡಿ ಸಮಯ. 2024ರ ಸೆಪ್ಟೆಂಬರ್‌ನಲ್ಲಿ ಮತ್ತು 2025ರ ಫೆಬ್ರುವರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ನಡೆಸಿದಾಗ, ಹತ್ತಾರು ಮೊಬೈಲ್ ಆ್ಯಪ್‌ಗಳ ಹೊರೆಯೇ ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು. ಹೊಸಬರಿಗೆ ಮೊದಲ ದಿನವೇ ಇನ್ನೊಂದು ವೃತ್ತದ ಹೆಚ್ಚುವರಿ ಪ್ರಭಾರ ವಹಿಸಿದರೆ ಹೊಲ ನೋಡುವ ವಾರವೇ ಮೊದಲು ಕೈಬಿಟ್ಟುಹೋಗುತ್ತದೆ. ಮೂವತ್ತು ದಿನಗಳ ಮಟ್ಟಿಗಾದರೂ ಹೆಚ್ಚುವರಿ ಪ್ರಭಾರ ನೀಡದಿರುವುದು ತಹಶೀಲ್ದಾರರ ಕೈಯಲ್ಲಿದೆ. ಕನಿಷ್ಠ ಎರಡು ವರ್ಷಗಳ ಪರೀಕ್ಷಾರ್ಥ ಅವಧಿಯಲ್ಲಿ ಇಲಾಖಾ ಪರೀಕ್ಷೆಗಳಿಗೆ ಓದಲು ದಿನಗಳು ಸಿಗುತ್ತವೆ. ಆದರೆ ನೋಡದ ಹೊಲಕ್ಕೆ ಒಮ್ಮೆ ಬರೆದ ವರದಿ ಆ ಪಹಣಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.