ಸ್ಪೀಕಾನ್ ಮತ್ತು ಪಿ-38: ವೇದಿಕೆಯ ಪವರ್ಡ್ ಸ್ಪೀಕರ್‌ಗಳ ಎರಡು ಪಿನ್‌ಗಳು

ವೇದಿಕೆಯ ಧ್ವನಿವರ್ಧಕ ಪೆಟ್ಟಿಗೆಗಳ ಹಿಂಬದಿಯಲ್ಲಿ ಎರಡು ಬಗೆಯ ಪಿನ್‌ಗಳಿಗೆ ಜಾಗವಿರುತ್ತದೆ. ಒಂದು, ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ದಪ್ಪದ ಲೋಹದ ಕಡ್ಡಿ. ಮೈಕ್‌ಸೆಟ್ ಅಂಗಡಿಗಳಲ್ಲಿ ಇದಕ್ಕೆ ಪಿ-38 ಎನ್ನುತ್ತಾರೆ. ಇನ್ನೊಂದು, ಒಳಗೆ ತೂರಿಸಿ ತಿರುಗಿಸಿದರೆ ಬೀಗ ಬೀಳುವ ಪ್ಲಾಸ್ಟಿಕ್ ಹೊದಿಕೆಯ ಸ್ಪೀಕಾನ್. ಎರಡರಲ್ಲೂ ಹರಿಯುವುದು ಧ್ವನಿಯ ಸಂಕೇತವೇ ಆದರೂ ಒಂದರಲ್ಲಿ ಒಂದೆರಡು ವೋಲ್ಟ್ ಇದ್ದರೆ ಇನ್ನೊಂದರಲ್ಲಿ ಅರವತ್ತು ಎಪ್ಪತ್ತು ವೋಲ್ಟ್ ಇರಬಹುದು. ಒಳಗೇ ಆ್ಯಂಪ್ಲಿಫೈಯರ್ ಇರುವ ಪವರ್ಡ್ ಸ್ಪೀಕರ್‌ಗಳಲ್ಲಿ ಇವೆರಡನ್ನು ಅದಲುಬದಲು ಮಾಡಿದರೆ ಪೆಟ್ಟಿಗೆ ಸುಡುತ್ತದೆ, ಕೆಲವೊಮ್ಮೆ ಒಟ್ಟಿಗೆ ಎರಡು ಪೆಟ್ಟಿಗೆಗಳು.

ಪಿ-38 ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ದೂರವಾಣಿಗಾಗಿ. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ದೂರವಾಣಿ ವಿನಿಮಯ ಕೇಂದ್ರ ಶುರುವಾಯಿತು. ಅಂಥ ಕೇಂದ್ರಗಳಲ್ಲಿ ಒಂದು ಮನೆಯ ತಂತಿಯನ್ನು ಇನ್ನೊಂದು ಮನೆಯ ತಂತಿಗೆ ಕೈಯಿಂದಲೇ ಜೋಡಿಸಬೇಕಿತ್ತು. ಆಪರೇಟರ್ ದಿನವಿಡೀ ಚುಚ್ಚಿ ಕೀಳುತ್ತಿದ್ದ ಕಡ್ಡಿಯೇ ಮುಂದೆ ಈ ಪಿನ್ ಆಯಿತು. ಸುಲಭವಾಗಿ ಒಳಹೋಗಬೇಕು, ಒಂದೇ ಎಳೆತಕ್ಕೆ ಹೊರಬರಬೇಕು ಎಂಬುದೇ ಅದರ ರಚನೆಯ ಉದ್ದೇಶ. ಅದರಲ್ಲಿ ಹರಿಯುತ್ತಿದ್ದುದು ಮಾತಿನ ಸಣ್ಣ ವಿದ್ಯುತ್ ಮಾತ್ರ, ಆದ್ದರಿಂದ ಬರಿಯ ಲೋಹ ಕೈಗೆ ತಗುಲಿದರೂ ಅಪಾಯವಿರಲಿಲ್ಲ.

ಗಿಟಾರ್‌ಗಳಿಗೂ ಅವುಗಳ ಆ್ಯಂಪ್ಲಿಫೈಯರ್‌ಗಳಿಗೂ ಈ ಪಿನ್ನೇ ಬಂತು. ಅಗ್ಗ, ಗಟ್ಟಿ, ಎಲ್ಲೆಡೆ ಸಿಗುವಂಥದ್ದು ಎಂಬ ಕಾರಣಕ್ಕೆ ಆ್ಯಂಪ್ಲಿಫೈಯರ್‌ನಿಂದ ಸ್ಪೀಕರಿಗೆ ಹೋಗುವ ದಾರಿಗೂ ಅದನ್ನೇ ಹಾಕಿದರು. ತೊಂದರೆ ಮೊದಲಾದದ್ದು ಅಲ್ಲಿ. ಪಿನ್ನಿನ ತುದಿ ಒಂದು ಧ್ರುವ, ಕಾಂಡ ಇನ್ನೊಂದು ಧ್ರುವ. ಆ್ಯಂಪ್ಲಿಫೈಯರ್ ಚಾಲೂ ಇರುವಾಗ ಪಿನ್ ಎಳೆದರೆ ತುದಿ ಹೊರಬರುವ ದಾರಿಯಲ್ಲಿ ಕಾಂಡದ ಸಂಪರ್ಕವನ್ನು ಸವರಿಕೊಂಡು ಬರುತ್ತದೆ. ಆ ಕ್ಷಣ ಆ್ಯಂಪ್ಲಿಫೈಯರ್‌ನ ಎರಡೂ ಧ್ರುವಗಳು ಒಂದಾಗಿ ಶಾರ್ಟ್ ಆಗುತ್ತವೆ. ಸಣ್ಣ ಆ್ಯಂಪ್ಲಿಫೈಯರ್ ಇದನ್ನು ತಡೆದುಕೊಂಡೀತು, ದೊಡ್ಡದರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ.

ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಧ್ವನಿವರ್ಧಕಕ್ಕೆ ಕೆಲಸ ಬಹಳ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ರಾತ್ರಿಯಿಡೀ ನಡೆಯುವ ಭಜನೆ, ಡೊಳ್ಳಿನ ಪದ, ಜಾತ್ರೆಯ ನಾಟಕ ಎಲ್ಲಕ್ಕೂ ಅದು ಬೇಕು. ಹಳೆಯ ಮೈಕ್‌ಸೆಟ್ಟಿನಲ್ಲಿ ಗೊಂದಲ ಕಡಿಮೆ ಇತ್ತು. ಅಹುಜಾದಂಥ ಆ್ಯಂಪ್ಲಿಫೈಯರ್‌ಗಳ ಹಿಂದೆ ಸ್ಕ್ರೂ ಹಾಕುವ ಟರ್ಮಿನಲ್‌ಗಳು, ಅವುಗಳ ಮೇಲೆ 4, 8, 16 ಓಮ್ ಮತ್ತು 70, 100 ವೋಲ್ಟ್ ಎಂಬ ಗುರುತುಗಳು. ಕಂಬದ ಮೇಲಿನ ಹಾರ್ನಿಗೆ ಎರಡೆಳೆ ವೈರ್ ಎಳೆದು ಬಿಗಿದರೆ ಮುಗಿಯಿತು. ಮೈಕಿನ ಪಿನ್ ಆ ಸ್ಕ್ರೂಗೆ ಹೋಗುತ್ತಿರಲಿಲ್ಲ, ಸ್ಪೀಕರ್ ವೈರ್ ಮೈಕಿನ ತೂತಿಗೆ ಹೋಗುತ್ತಿರಲಿಲ್ಲ. ಆಕಾರವೇ ಕಾವಲು. ಟಾಪ್, ಬೇಸ್ ಎಂಬ ಮರದ ಪೆಟ್ಟಿಗೆಗಳೂ ಅವುಗಳ ಜೊತೆ ಪವರ್ಡ್ ಮಿಕ್ಸರ್‌ಗಳೂ ಬಂದಾಗ ಆ ಕಾವಲು ಹೋಯಿತು. ಪವರ್ಡ್ ಮಿಕ್ಸರ್‌ನಲ್ಲಿ ಸಣ್ಣ ಸಂಕೇತ ಕೊಡುವ ಪಿ-38 ತೂತುಗಳೂ ಸ್ಪೀಕರಿಗೆ ಶಕ್ತಿ ಕೊಡುವ ಪಿ-38 ತೂತುಗಳೂ ಒಂದೇ ಫಲಕದ ಮೇಲೆ ಇರಬಹುದು. ಬೇರೆ ಮಾಡಿ ತೋರಿಸುವುದು ಪಕ್ಕದ ಸಣ್ಣ ಅಕ್ಷರ ಮಾತ್ರ, ಅದೂ ನಾಲ್ಕು ಜಾತ್ರೆ ಕಂಡ ಮೇಲೆ ಅಳಿಸಿಹೋಗಿರುತ್ತದೆ.

ಈ ಗೊಂದಲಕ್ಕೆ ಉತ್ತರವಾಗಿ 1987ರಲ್ಲಿ ಲಿಕ್ಟೆನ್‌ಸ್ಟೈನ್ ದೇಶದ ನ್ಯೂಟ್ರಿಕ್ ಕಂಪನಿ ಸ್ಪೀಕಾನ್ ತಂದಿತು. ಅದು ಆ್ಯಂಪ್ಲಿಫೈಯರ್‌ನಿಂದ ಸ್ಪೀಕರಿಗೆ ಹೋಗುವ ದಾರಿಗೆಂದೇ ಮಾಡಿದ ಪಿನ್, ಮೈಕಿಗೂ ವಾದ್ಯಕ್ಕೂ ಹೊಂದುವುದಿಲ್ಲ. ಲೋಹದ ಸಂಪರ್ಕಗಳು ಒಳಗೆ ಅಡಗಿರುವುದರಿಂದ ಬೆರಳು ತಗುಲುವುದಿಲ್ಲ, ಪಿನ್ ಕೀಳುವಾಗ ಎರಡು ಧ್ರುವಗಳು ಸವರಿಕೊಳ್ಳುವುದೂ ಇಲ್ಲ. ಬೀಗ ಇರುವುದರಿಂದ ಕುಣಿಯುವವರ ಕಾಲು ತೊಡರಿದರೂ ಕಳಚುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ನಾಲ್ಕು ಸಂಪರ್ಕದ ಸ್ಪೀಕಾನ್‌ನಲ್ಲಿ 1+, 1−, 2+, 2− ಎಂಬ ಗುರುತುಗಳಿವೆ. ಸಾಮಾನ್ಯ ಪೆಟ್ಟಿಗೆಗೆ 1+ ಮತ್ತು 1− ಸಾಕು.

1990ರ ದಶಕದಿಂದ ಪವರ್ಡ್ ಪೆಟ್ಟಿಗೆಗಳು ಹೆಚ್ಚಿದಂತೆ ಪಿನ್‌ಗಳ ಅರ್ಥ ಮತ್ತೆ ಬದಲಾಯಿತು. ಆ್ಯಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವುದರಿಂದ ಹೊರಗಿನಿಂದ ಬರಬೇಕಾದದ್ದು ಮಿಕ್ಸರ್‌ನ ಸಣ್ಣ ಸಂಕೇತ ಮಾತ್ರ, ಸುಮಾರು 1.23 ವೋಲ್ಟ್. ಅದನ್ನು ಪಿ-38 ಅಥವಾ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಮೂಲಕ ಕೊಡುತ್ತಾರೆ. ಹಾಗಾದರೆ ಪವರ್ಡ್ ಪೆಟ್ಟಿಗೆಯ ಹಿಂದೆ ಸ್ಪೀಕಾನ್ ಯಾಕೆ? ಕೆಲವು ಮಾದರಿಗಳಲ್ಲಿ, ಮುಖ್ಯವಾಗಿ ಪವರ್ಡ್ ಬೇಸ್ ಪೆಟ್ಟಿಗೆಗಳಲ್ಲಿ, ಒಳಗಿನ ಆ್ಯಂಪ್ಲಿಫೈಯರ್‌ನ ಶಕ್ತಿಯನ್ನು ಪಕ್ಕದ ಇನ್ನೊಂದು ಪೆಟ್ಟಿಗೆಗೆ ಕೊಡಲು ಅದು ಇರುತ್ತದೆ. ಆ ಎರಡನೆಯದು ಆ್ಯಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಪೆಟ್ಟಿಗೆಯೇ ಆಗಿರಬೇಕು. ಪ್ಯಾಸಿವ್ ಪೆಟ್ಟಿಗೆಯಲ್ಲಿ ಸ್ಪೀಕಾನ್ ಒಳಬರುವ ಬಾಗಿಲು, ಪವರ್ಡ್ ಪೆಟ್ಟಿಗೆಯಲ್ಲಿ ಅದು ಸಾಮಾನ್ಯವಾಗಿ ಹೊರಹೋಗುವ ಬಾಗಿಲು. ತಪ್ಪು ನಡೆಯುವುದು ಈ ತಿರುವಿನಲ್ಲಿ.

ಒಂದು ಉದಾಹರಣೆಯನ್ನು ಲೆಕ್ಕ ಸಮೇತ ನೋಡೋಣ. ಜಾತ್ರೆಯ ಭಜನಾ ವೇದಿಕೆಯ ಎಡಕ್ಕೆ ಒಂದು ಪವರ್ಡ್ ಪೆಟ್ಟಿಗೆ, ಅದರ ಸ್ಪೀಕಾನ್‌ನಿಂದ ಬಲಗಡೆಯ ಪ್ಯಾಸಿವ್ ಪೆಟ್ಟಿಗೆಗೆ ವೈರ್. ಹಿಂದಿನ ರಾತ್ರಿ ಬಲಗಡೆಯದು ಕೆಟ್ಟಿದೆ ಎಂದಿಟ್ಟುಕೊಳ್ಳಿ. ಬಾಡಿಗೆ ಅಂಗಡಿಯಿಂದ ಬದಲಿಗೆ ಬಂದದ್ದು ಇನ್ನೊಂದು ಪವರ್ಡ್ ಪೆಟ್ಟಿಗೆ. ಅದರ ಹಿಂದೆ ಸ್ಪೀಕಾನ್ ತೂತಿಲ್ಲ, ಪಿ-38 ತೂತಿದೆ. ವೈರ್‌ಗಳ ಚೀಲದಲ್ಲಿ ಒಂದು ತುದಿಗೆ ಸ್ಪೀಕಾನ್, ಇನ್ನೊಂದು ತುದಿಗೆ ಪಿ-38 ಇರುವ ವೈರ್ ಸಿಗುತ್ತದೆ. ಎರಡೂ ಕಡೆ ಸರಿಯಾಗಿ ಕೂರುತ್ತದೆ, ಹುಡುಗರು ಜೋಡಿಸುತ್ತಾರೆ.

ಎಡಗಡೆಯ ಆ್ಯಂಪ್ಲಿಫೈಯರ್ 8 ಓಮಿಗೆ 500 ವಾಟ್ ಕೊಡುವಂಥದ್ದು ಎಂದರೆ ಅದರ ಔಟ್‌ಪುಟ್ ಪೂರ್ಣ ಧ್ವನಿಯಲ್ಲಿ ಸುಮಾರು 63 ವೋಲ್ಟ್, ತುತ್ತತುದಿಯಲ್ಲಿ ಸುಮಾರು 89. ಬಲಗಡೆಯ ಪೆಟ್ಟಿಗೆಯ ಇನ್‌ಪುಟ್ ಸಾಮಾನ್ಯವಾಗಿ ತಾಳುವುದು 8 ವೋಲ್ಟಿನ ಆಸುಪಾಸು, ಏಕೆಂದರೆ ಅಲ್ಲಿನ ಚಿಪ್ ನಡೆಯುವುದೇ ಸುಮಾರು 15 ವೋಲ್ಟ್ ಧನ, 15 ವೋಲ್ಟ್ ಋಣ ಪೂರೈಕೆಯ ಮೇಲೆ. ಅದಕ್ಕಿಂತ ಬಹಳ ಹೆಚ್ಚಿನದು ಬಂದರೆ ಚಿಪ್ಪಿನ ಒಳಗಿನ ಸಂಪರ್ಕಗಳು ಸುಡಬಹುದು.

ಇದರಲ್ಲಿ ಮೋಸ ಮಾಡುವ ಒಂದು ಸಂಗತಿ ಇದೆ. ಸಂಜೆ ‘ಹಲೋ, ಹಲೋ’ ಎಂದು ಪರೀಕ್ಷಿಸುವಾಗ ಎಡಗಡೆಯ ಪೆಟ್ಟಿಗೆಯನ್ನು ಸಣ್ಣದಾಗಿ ಇಟ್ಟಿರುತ್ತಾರೆ. ಒಂದು ವಾಟ್ ಶಬ್ದಕ್ಕೆ ಅದರ ಔಟ್‌ಪುಟ್‌ನಲ್ಲಿರುವುದು 2.8 ವೋಲ್ಟ್ ಮಾತ್ರ. ಬಲಗಡೆಯ ಇನ್‌ಪುಟ್ ಅದನ್ನು ತಡೆದುಕೊಳ್ಳುತ್ತದೆ, ಧ್ವನಿಯೂ ಬರುತ್ತದೆ, ಕೊಂಚ ಒರಟಾಗಿ, ಬೇಕಾದ್ದಕ್ಕಿಂತ ಜೋರಾಗಿ. ಎಲ್ಲ ಸರಿ ಇದೆ ಎಂದು ಬಿಡುತ್ತಾರೆ. ರಾತ್ರಿ ಡೊಳ್ಳು ಏರಿದಾಗ ವೋಲ್ಟ್ ಹತ್ತಾರು ಪಟ್ಟು ಏರುತ್ತದೆ, ಬಲಗಡೆ ನಿಲ್ಲುತ್ತದೆ. ಆದ್ದರಿಂದ ‘ಮೊದಲು ಚಲೋ ಬರ್ತಿತ್ತು’ ಎಂಬ ಮಾತು ವೈರ್ ಸರಿ ಇತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಬಲಗಡೆಯ ವಾಲ್ಯೂಮ್ ತಿರುಪನ್ನು ಸೊನ್ನೆಗೆ ಇಟ್ಟರೂ ರಕ್ಷಣೆ ಇಲ್ಲ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಆ ತಿರುಪು ಬರುವುದು ಮೊದಲ ಚಿಪ್ಪಿನ ನಂತರ.

ಎಡಗಡೆಯ ಪೆಟ್ಟಿಗೆಯೂ ಇದರಿಂದ ಪಾರಾಗುತ್ತದೆ ಎನ್ನುವಂತಿಲ್ಲ. ಇಂದಿನ ಹಲವು ಕ್ಲಾಸ್-ಡಿ ಆ್ಯಂಪ್ಲಿಫೈಯರ್‌ಗಳಲ್ಲಿ 1+ ಮತ್ತು 1− ಎರಡೂ ಜೀವಂತ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಯಾವುದೂ ನೆಲಕ್ಕೆ ಸೇರಿರುವುದಿಲ್ಲ. ಇದಕ್ಕೆ ಬ್ರಿಜ್ ಜೋಡಣೆ ಎನ್ನುತ್ತಾರೆ. ಪಿ-38ರ ಕಾಂಡ ಮಾತ್ರ ಎದುರು ಪೆಟ್ಟಿಗೆಯ ಲೋಹದ ಮೈಗೆ, ಅಲ್ಲಿಂದ ಅರ್ಥಿಂಗಿಗೆ ಸೇರುತ್ತದೆ. ಎರಡೂ ಪೆಟ್ಟಿಗೆಗಳ ಅರ್ಥಿಂಗ್ ಒಂದೇ ಆಗಿದ್ದರೆ ಆ್ಯಂಪ್ಲಿಫೈಯರ್‌ನ ಅರ್ಧ ಭಾಗ ನೆಲಕ್ಕೆ ಶಾರ್ಟ್ ಆದಂತೆ. ರಕ್ಷಣಾ ಸರ್ಕ್ಯೂಟ್ ಒಳ್ಳೆಯದಾಗಿದ್ದರೆ ಕೆಂಪು ದೀಪ ಹತ್ತಿ ಧ್ವನಿ ನಿಲ್ಲುತ್ತದೆ, ಇಲ್ಲದಿದ್ದರೆ ಸುಟ್ಟ ವಾಸನೆ ಬರುತ್ತದೆ. ಹಳೆಯ ಅಹುಜಾ ಮಾದರಿಯ 100 ವೋಲ್ಟ್ ಟರ್ಮಿನಲ್‌ನಿಂದ ಪಿ-38 ಮಾಡಿ ಪವರ್ಡ್ ಪೆಟ್ಟಿಗೆಗೆ ಕೊಡುವುದು ಇದಕ್ಕಿಂತಲೂ ಕೆಟ್ಟದ್ದು, ವೋಲ್ಟ್ ಅಲ್ಲಿ ಇನ್ನೂ ಹೆಚ್ಚು.

ತಿರುಗುಮುರುಗಾದ ತಪ್ಪು ಇಷ್ಟು ಕಠಿಣವಲ್ಲ. ಮಿಕ್ಸರ್‌ನ ಸಣ್ಣ ಸಂಕೇತವನ್ನು ಪ್ಯಾಸಿವ್ ಪೆಟ್ಟಿಗೆಗೆ ಕೊಟ್ಟರೆ ಧ್ವನಿ ಕೇಳಿಯೂ ಕೇಳದಷ್ಟು ಸಣ್ಣದಾಗಿರುತ್ತದೆ, ಏನೂ ಸುಡುವುದು ಅಪರೂಪ. ಆದರೆ ಆ್ಯಂಪ್ಲಿಫೈಯರ್ ಮತ್ತು ಪ್ಯಾಸಿವ್ ಪೆಟ್ಟಿಗೆಯ ನಡುವೆ ಗಿಟಾರ್‌ನ ತೆಳು ಪಿ-38 ವೈರ್ ಹಾಕುವುದು ಬೇರೆ ಮಾತು. ಅದರ ಒಳಎಳೆ 0.22 ಚದರ ಮಿಲಿಮೀಟರ್ ಇದ್ದರೆ 15 ಮೀಟರ್‌ಗೆ ಆ ಎಳೆಯೊಂದರ ತಡೆಯೇ ಸುಮಾರು 1.2 ಓಮ್. ಮೇಲಿನ 500 ವಾಟಿಗೆ ಬೇಕಾದ 8 ಆಂಪಿಯರ್ ಅದರಲ್ಲಿ ಹರಿದರೆ ಎಪ್ಪತ್ತಕ್ಕೂ ಹೆಚ್ಚು ವಾಟ್ ಶಾಖವಾಗಿ ವೈರಿನಲ್ಲೇ ಹೋಗುತ್ತದೆ. ರಬ್ಬರ್ ಮೆತ್ತಗಾಗಿ ಎಳೆಗಳು ಒಂದಕ್ಕೊಂದು ತಗುಲಿದರೆ ಅಲ್ಲಿಯೂ ಶಾರ್ಟ್. ಎರಡೆಳೆಯ 2.5 ಚದರ ಮಿಲಿಮೀಟರ್ ವೈರಿನಲ್ಲಿ ಹೋಗಿ ಬರುವ ಒಟ್ಟು ತಡೆ 0.2 ಓಮ್ ಮಾತ್ರ.

ಬಿಕ್ಕಟ್ಟನ್ನು ಹೆಚ್ಚಿಸುವುದು ಜೋಡಿ ತೂತುಗಳು. ಎಕ್ಸ್‌ಎಲ್‌ಆರ್ ಮತ್ತು ಪಿ-38 ಎರಡನ್ನೂ ಒಳಗೊಳ್ಳುವ ತೂತು ಒಂದಿದೆ, ಸ್ಪೀಕಾನ್ ಮತ್ತು ಪಿ-38 ಎರಡನ್ನೂ ಒಳಗೊಳ್ಳುವ ತೂತು ಇನ್ನೊಂದಿದೆ. ದೂರದಿಂದ ಎರಡೂ ದುಂಡಗೆ, ಕಪ್ಪಗೆ ಕಾಣುತ್ತವೆ. ಮಧ್ಯದ ರಂಧ್ರದ ಸುತ್ತ ಮೂರು ಸಣ್ಣ ತೂತುಗಳಿದ್ದರೆ ಅದು ಸಂಕೇತದ ಬಾಗಿಲು. ಸುತ್ತಲೂ ಬಳೆಯಂಥ ಸೀಳು ಇದ್ದರೆ ಸ್ಪೀಕರ್ ಶಕ್ತಿಯ ಬಾಗಿಲು.

ಪೆಟ್ಟಿಗೆ ಯಾವ ಬಗೆಯದು ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಕರೆಂಟಿನ ವೈರಿಗೆ ಜಾಗವಿದೆಯೇ ಎಂಬುದು. ಇದ್ದರೆ ಅದು ಪವರ್ಡ್. ಇಲ್ಲದಿದ್ದರೆ ಎಲ್ಲ ವೈರ್ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಸ್ಪೀಕಾನ್ ತೂತಿನ 1+ ಮತ್ತು 1− ನಡುವೆ ಅಳೆಯಬಹುದು. 8 ಓಮ್‌ನ ಪ್ಯಾಸಿವ್ ಪೆಟ್ಟಿಗೆ ಸುಮಾರು 6 ತೋರಿಸುತ್ತದೆ. ಏನೂ ತೋರದಿದ್ದರೆ ಸಂಪರ್ಕ 2+ ಮತ್ತು 2− ನಡುವೆ ಇರಬಹುದು, ಇಲ್ಲವೇ ಕಾಯಿಲ್ ಸುಟ್ಟಿರಬಹುದು. ಪವರ್ಡ್ ಪೆಟ್ಟಿಗೆಯ ಪಿ-38 ಇನ್‌ಪುಟ್ ಸಾಮಾನ್ಯವಾಗಿ ಸಾವಿರಾರು ಓಮ್ ತೋರಿಸುತ್ತದೆ. ಇನ್‌ಪುಟ್ ಚಿಪ್ ಹೋದ ಪೆಟ್ಟಿಗೆಯನ್ನು ಗುರುತಿಸುವುದೂ ಕಷ್ಟವಲ್ಲ: ದೀಪ ಹತ್ತುತ್ತದೆ, ಒಂದು ಇನ್‌ಪುಟ್ ಸತ್ತಿರುತ್ತದೆ ಅಥವಾ ಗುಂಯ್ ಎನ್ನುತ್ತದೆ, ಎರಡನೆಯ ಇನ್‌ಪುಟ್ ಇದ್ದರೆ ಅದು ನಡೆಯುತ್ತಲೇ ಇರುತ್ತದೆ. ಅಂಥ ಪೆಟ್ಟಿಗೆಗೆ ಚಿಪ್ ಬದಲಿಸಿದರೆ ಸಾಕಾಗುವುದುಂಟು, ಔಟ್‌ಪುಟ್ ಭಾಗ ಹೋಗಿದ್ದರೆ ಖರ್ಚು ದೊಡ್ಡದು.

ಒಂದು ತುದಿಗೆ ಸ್ಪೀಕಾನ್, ಇನ್ನೊಂದು ತುದಿಗೆ ಪಿ-38 ಇರುವ ವೈರಿಗೆ ನ್ಯಾಯವಾದ ಕೆಲಸ ಒಂದೇ: ಆ್ಯಂಪ್ಲಿಫೈಯರ್‌ನಿಂದ ಪ್ಯಾಸಿವ್ ಪೆಟ್ಟಿಗೆಗೆ ಹೋಗುವುದು. ಎರಡೂ ಕಡೆ ಪವರ್ಡ್ ಪೆಟ್ಟಿಗೆಗಳೇ ಇರುವ ವೇದಿಕೆಗೆ ಅದನ್ನು ಒಯ್ಯಬೇಡಿ; ಅಲ್ಲಿ ಮಿಕ್ಸರ್‌ನಿಂದ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಎಕ್ಸ್‌ಎಲ್‌ಆರ್ ವೈರ್ ಎಳೆಯಿರಿ.