ಕೇಲಿಯ ಸೂತ್ರವೂ ಪ್ರೂಫರನ ಅಂಕಸಾಲೂ

ಒಂದು ನಾಡಿನಲ್ಲಿ ಆರು ಊರುಗಳಿವೆ. ಅವಕ್ಕೆ 1ರಿಂದ 6ರವರೆಗೆ ಅಂಕಿಗಳನ್ನು ಕೊಟ್ಟಿದೆ ಎಂದಿಟ್ಟುಕೊಳ್ಳೋಣ. ಯಾವ ಊರಿನಿಂದ ಹೊರಟರೂ ಉಳಿದೆಲ್ಲ ಊರುಗಳನ್ನು ತಲುಪುವಂತೆ, ಐದೇ ರೈಲುದಾರಿಗಳಿಂದ ಅವನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಸುತ್ತಿ ಬಂದು ಕೂಡುವ ದಾರಿಯಿಲ್ಲದ ಇಂತಹ ಜೋಡಣೆಯನ್ನೇ ಗಣಿತಜ್ಞರು ವೃಕ್ಷವೆಂದು ಕರೆಯುತ್ತಾರೆ.

ಊರುಗಳು n ಆದರೆ ವೃಕ್ಷಗಳ ಸಂಖ್ಯೆ n^(n−2) ಎಂದು ಕೇಂಬ್ರಿಜ್ಜಿನ ಆರ್ಥರ್ ಕೇಲಿ 1889ರಲ್ಲಿ ಸಾರಿದನು. 1860ರಲ್ಲಿಯೇ ಬೋರ್ಖಾರ್ಟನು ಬೇರೊಂದು ಮಾರ್ಗದಿಂದ ಈ ಫಲವನ್ನು ಮುಟ್ಟಿದ್ದನು; ಕೇಲಿಯೂ ಅದನ್ನು ಒಪ್ಪಿಕೊಂಡಿದ್ದಾನೆ. ಆದರೆ ಕೇಲಿಯು ವಿವರವಾಗಿ ತೋರಿಸಿದ್ದು ಆರು ಊರುಗಳ ಪ್ರಸಂಗವನ್ನು ಮಾತ್ರ. ಆರು ಅಕ್ಷರಗಳ ಮೊತ್ತದ ನಾಲ್ಕನೆಯ ಘಾತವನ್ನು ಬಿಡಿಸಿ, ಅದರ ಪದಗಳನ್ನು ವೃಕ್ಷಗಳ ಗುಂಪುಗಳೊಡನೆ ತಾಳೆನೋಡಿ, 1296 ಎಂಬ ಮೊತ್ತವನ್ನು ಪಡೆದು, ಇದು ಎಲ್ಲೆಡೆಗೂ ಸಲ್ಲುವುದೆಂದನು. ಗುಂಪುಗಳ ಲೆಕ್ಕ ಕೂಡಿತು. ಆದರೆ ಇಂತಹ ವೃಕ್ಷಕ್ಕೆ ಇಂತಹುದೇ ಗುರುತು ಎಂಬುದು ಇನ್ನೂ ಸಿಕ್ಕಿರಲಿಲ್ಲ.

ಆ ಕೊರತೆಯನ್ನು 1918ರಲ್ಲಿ ತುಂಬಿದವನು ಜರ್ಮನಿಯ ಹೈಂಜ್ ಪ್ರೂಫರ್. ಕ್ರಮಪಲ್ಲಟಗಳನ್ನು ಕುರಿತ ಒಂದು ಪ್ರಮೇಯಕ್ಕೆ ಹೊಸ ಸಾಧನೆಯನ್ನು ಕೊಡಲು ಹೊರಟ ಆತನು, ರೈಲುದಾರಿಯ ಈ ದೃಷ್ಟಾಂತವನ್ನೇ ಬಳಸಿದನು. ಆತನ ನಿಯಮ ಸರಳವಾದುದು: ಒಂದೇ ದಾರಿಯುಳ್ಳ ಕೊನೆಯ ಊರುಗಳಲ್ಲಿ ಅತಿ ಚಿಕ್ಕ ಅಂಕಿಯದನ್ನು ಅಳಿಸಿ, ಅದರ ನೆರೆಯೂರಿನ ಅಂಕಿಯನ್ನು ಬರೆಯಬೇಕು. ಎರಡೇ ಊರುಗಳು ಉಳಿಯುವವರೆಗೆ ಹೀಗೆಯೇ ಮಾಡಬೇಕು.

1–3, 3–5, 2–5, 5–6, 4–6 ಎಂಬ ದಾರಿಗಳ ವೃಕ್ಷವನ್ನು ತೆಗೆದುಕೊಳ್ಳೋಣ. 1ನ್ನು ಅಳಿಸಿ 3ನ್ನು ಬರೆಯುತ್ತೇವೆ. 2ನ್ನು ಅಳಿಸಿ 5ನ್ನು. ಈಗ ಕೊನೆಯ ಊರಾಗಿರುವ 3ನ್ನು ಅಳಿಸಿ ಮತ್ತೆ 5ನ್ನು. 4ನ್ನು ಅಳಿಸಿ 6ನ್ನು. ಅಂಕಸಾಲು 3, 5, 5, 6.

ಸಾಲಿನಿಂದ ವೃಕ್ಷಕ್ಕೆ ಮರಳುವುದೂ ಸುಲಭವೇ. ಸಾಲಿನಲ್ಲಿ ಕಾಣದ ಅತಿ ಚಿಕ್ಕ ಅಂಕಿ 1; ಅದನ್ನು ಸಾಲಿನ ಮೊದಲನೆಯದಾದ 3ಕ್ಕೆ ಜೋಡಿಸಿ, ಎರಡನ್ನೂ ತಮ್ಮ ತಮ್ಮ ಪಟ್ಟಿಯಿಂದ ಹೊಡೆದುಹಾಕಬೇಕು. ಬಳಿಕ 2–5, 3–5, 4–6. ಕಡೆಗೆ ಉಳಿದ 5 ಮತ್ತು 6. ಮೊದಲಿನ ವೃಕ್ಷವೇ ಮರಳಿ ದೊರೆಯಿತು. ಉಳಿದ ಊರುಗಳಿಗಿಂತ ಸಾಲು ಯಾವಾಗಲೂ ಎರಡು ಅಂಕಿ ಕಿರಿದಾದುದರಿಂದ, ಸಾಲಿನಲ್ಲಿಲ್ಲದ ಊರು ಪ್ರತಿ ಹೆಜ್ಜೆಯಲ್ಲಿಯೂ ಸಿಕ್ಕೇ ಸಿಗುತ್ತದೆ. ಆದುದರಿಂದ ಯಾವ ಸಾಲೂ ವ್ಯರ್ಥವಲ್ಲ. ನಾಲ್ಕು ಸ್ಥಾನಗಳಲ್ಲಿ ಒಂದೊಂದಕ್ಕೂ ಆರು ಆಯ್ಕೆ. 6×6×6×6 ಎಂದರೆ 1296.

ಚಿಕ್ಕದನ್ನೇ ಮೊದಲು ಅಳಿಸಬೇಕೆಂಬ ಕಟ್ಟನ್ನು ಮಾತ್ರ ಸಡಿಲಿಸಬಾರದು. ಇದೇ ವೃಕ್ಷದಲ್ಲಿ ಮೊದಲು 4ನ್ನು ಅಳಿಸಿ, ಆಮೇಲೆ ನಿಯಮದಂತೆ ನಡೆದರೆ 6, 3, 5, 5 ಎಂಬ ಸಾಲು ಬರುತ್ತದೆ. ಅದನ್ನು ಬಿಡಿಸಿದರೆ 1ನೆಯ ಊರು 6ಕ್ಕೆ ಸೇರಿದ ಬೇರೆ ವೃಕ್ಷವೇ ಮೂಡುತ್ತದೆ. ಅಂಕಿಗಳನ್ನು ತೆಗೆದು ಆಕಾರವನ್ನಷ್ಟೇ ನೋಡುವುದಾದರೆ ಆರು ಊರುಗಳಿಗೆ ಆರೇ ವೃಕ್ಷಗಳು. ಆ ಎಣಿಕೆಗೆ ಈ ಸೂತ್ರ ಸಲ್ಲದು.

ಒಂದು ಊರಿನ ಅಂಕಿ ಸಾಲಿನಲ್ಲಿ ಬರುವುದು, ಅದರ ದಾರಿಗಳ ಸಂಖ್ಯೆಗಿಂತ ಒಂದು ಕಡಿಮೆ ಸಲ. ಮೇಲಿನ ವೃಕ್ಷದಲ್ಲಿ 5ಕ್ಕೆ ಮೂರು ದಾರಿ, ಸಾಲಿನಲ್ಲಿ ಅದು ಎರಡು ಸಲ. ಕೇಲಿಯ ನಾಲ್ಕನೆಯ ಘಾತದಲ್ಲಿ ಅಕ್ಷರಗಳ ಘಾತಾಂಕಗಳು ಹೇಳುತ್ತಿದ್ದುದೂ ಇದನ್ನೇ. ಆತನು ಗುಂಪುಗುಂಪಾಗಿ ಎಣಿಸಿದ ವೃಕ್ಷಗಳಿಗೆ, ಇಪ್ಪತ್ತೊಂಬತ್ತು ವರ್ಷಗಳ ತರುವಾಯ, ಒಂದೊಂದಕ್ಕೂ ಅದರದೇ ಆದ ವಿಳಾಸ ದೊರೆತಂತಾಯಿತು.