ಗರಿಷ್ಠ ಪ್ರತಿಕೂಲ ಹಾಗೂ ಅನುಕೂಲ ವಿಚಲನ

ವಹಿವಾಟೊಂದು ತೆರೆದಿದ್ದಷ್ಟು ಕಾಲ ಬೆಲೆಯು ಪ್ರವೇಶದರದಿಂದ ನಷ್ಟದತ್ತ ಸರಿದ ಅತಿ ದೂರವನ್ನು ಗರಿಷ್ಠ ಪ್ರತಿಕೂಲ ವಿಚಲನವೆಂದೂ, ಲಾಭದತ್ತ ಸರಿದುದನ್ನು ಅನುಕೂಲ ವಿಚಲನವೆಂದೂ ಕರೆಯುವರು. ಮೊದಲನೆಯದನ್ನು 1990ರ ದಶಕದಲ್ಲಿ ಅಮೆರಿಕದ ಜಾನ್ ಸ್ವೀನಿ ಪ್ರಚುರಪಡಿಸಿದನು. ನಿಟ್ಟುವಳ್ಳಿಯ ವರ್ತಕನೊಬ್ಬನು ಮೆಕ್ಕೆಜೋಳದ ವಾಯಿದೆಯನ್ನು ಕ್ವಿಂಟಲಿಗೆ 2,200 ರೂಪಾಯಿಗೆ ಕೊಂಡು, ಬೆಲೆಯು 2,178ಕ್ಕಿಳಿದು 2,260ಕ್ಕೇರಿದ ತರುವಾಯ 2,230ಕ್ಕೆ ಮಾರಿದನೆಂದು ಭಾವಿಸಿದರೆ, ಪ್ರತಿಕೂಲ ವಿಚಲನ 22, ಅನುಕೂಲ 60, ಕೈಸೇರಿದ್ದು 30 ಮಾತ್ರ. ಇಂಥ ಹಲವು ವಹಿವಾಟುಗಳ ದಾಖಲೆಯಲ್ಲಿ ಗೆದ್ದವುಗಳ ಪೈಕಿ ಬಹುಪಾಲು 25 ರೂಪಾಯಿಯನ್ನು ಮೀರಿ ಇಳಿದಿರದೆ, ಸೋತವುಗಳು ಅದನ್ನು ದಾಟಿ ಇಳಿದಿದ್ದರೆ, ಸ್ಟಾಪ್‌ಲಾಸನ್ನು 25ರಿಂದ ತುಸು ಆಚೆಗಿಡುವುದು ಯುಕ್ತ. ಗುರಿಯನ್ನಾದರೋ ಅಪರೂಪದ ಗರಿಷ್ಠಕ್ಕಲ್ಲ, ಅನುಕೂಲ ವಿಚಲನವು ಮೇಲಿಂದ ಮೇಲೆ ಮುಟ್ಟಿದ ಮಟ್ಟಕ್ಕೆ ನಿಲ್ಲಿಸಬೇಕು. ಆದರೆ ಹಳೆಯ ಸ್ಟಾಪ್‌ಲಾಸೇ ಕತ್ತರಿಸಿಹಾಕಿದ ವಹಿವಾಟಿನಲ್ಲಿ ಬೆಲೆ ಮುಂದೆಷ್ಟು ಇಳಿದು ಚೇತರಿಸಿಕೊಂಡಿತೆಂಬುದು ಲೆಕ್ಕಕ್ಕೆ ಬಾರದು. ಆದುದರಿಂದ ನಿರ್ಗಮನಾನಂತರದ ಬೆಲೆಯನ್ನೂ ಬರೆದಿಡದ ದಾಖಲೆಯು ಸ್ಟಾಪ್‌ಲಾಸನ್ನು ಸಡಿಲಿಸುವ ನಿರ್ಣಯಕ್ಕೆ ನಿರುಪಯುಕ್ತ.